ಕೀಬೋರ್ಡಿನ ಬೆನ್ನಿಗೆ ಯಾವ ಕೇಬಲ್?

ಕೀಬೋರ್ಡನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಹಾಡು ಕಟ್ಟಲು ಹೊರಟವರು ಅಂಗಡಿಗೆ ಹೋಗಿ ಸಾಮಾನ್ಯವಾಗಿ ಕೇಳುವುದು, ‘ಒಂದು ಮಿಡಿ ಕೇಬಲ್ ಕೊಡಿ’ ಎಂದು. ಆ ಹೆಸರಿಗೆ ಅಂಗಡಿಯವರು ಮೂರು ಬೇರೆ ಬೇರೆ ವಸ್ತುಗಳನ್ನು ತೆಗೆದುಕೊಡಬಹುದು. ಎರಡೂ ತುದಿಗೆ ಐದು ಪಿನ್ನಿನ ದುಂಡು ಪ್ಲಗ್ ಇರುವ ಕೇಬಲ್ ಒಂದು. ಒಂದು ತುದಿಗೆ ಯುಎಸ್‌ಬಿ, ಇನ್ನೊಂದು ತುದಿಗೆ ಎರಡು ದುಂಡು ಪ್ಲಗ್, ನಡುವೆ ಪುಟ್ಟ ಪ್ಲಾಸ್ಟಿಕ್ ಡಬ್ಬಿ ಇರುವುದು ಎರಡನೆಯದು. ಒಂದು ತುದಿ ಚಪ್ಪಟೆ, ಇನ್ನೊಂದು ತುದಿ ಚೌಕ ಇರುವ ಯುಎಸ್‌ಬಿ ಕೇಬಲ್ ಮೂರನೆಯದು. ಮೂರರಲ್ಲೂ ಹರಿಯುವುದು ಮಿಡಿ ಸಂದೇಶವೇ ಆದ್ದರಿಂದ ಅಂಗಡಿಯವರು ಸುಳ್ಳು ಹೇಳಿದಂತಾಗುವುದಿಲ್ಲ. ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೆಲಸ ಮಾಡುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಕೇಬಲ್ ಕೊಂಡು ಊರಿಗೆ ಹೋದ ಮೇಲೆ ಅದು ತನ್ನ ಕೀಬೋರ್ಡಿಗೆ ಹೊಂದುವುದಿಲ್ಲವೆಂದು ತಿಳಿದರೆ ಹಣದ ಜೊತೆಗೆ ಒಂದು ಪ್ರಯಾಣವೂ ವ್ಯರ್ಥ.

ಯಾವ ಕೇಬಲ್ ಬೇಕು ಎನ್ನುವುದನ್ನು ತೀರ್ಮಾನಿಸುವುದು ಎರಡು ತುದಿಯ ಸಾಕೆಟ್‌ಗಳು. ಆ ಎರಡರಲ್ಲಿ ಯಜಮಾನ ಯಾರು ಎನ್ನುವುದೂ ಅಷ್ಟೇ ಮುಖ್ಯ. ಈ ಯಜಮಾನಿಕೆಯ ಸಂಗತಿಯನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ಹೆಚ್ಚಿನ ಗೊಂದಲ ಹುಟ್ಟುವುದು ಅಲ್ಲೇ. ಆದ್ದರಿಂದ ತಂತಿಯಲ್ಲಿ ಏನು ಹೋಗುತ್ತದೆ ಎಂಬಲ್ಲಿಂದ ಶುರು ಮಾಡೋಣ.

ಮಿಡಿ ತಂತಿಯಲ್ಲಿ ಸಂಗೀತದ ಧ್ವನಿ ಹೋಗುವುದಿಲ್ಲ. ಹೋಗುವುದು ‘ಈ ಮನೆ ಒತ್ತಿದರು, ಇಷ್ಟು ಜೋರಾಗಿ ಒತ್ತಿದರು, ಈಗ ಬಿಟ್ಟರು’ ಎಂಬ ಸಂದೇಶ ಮಾತ್ರ. ಸ್ವರಪ್ರಸ್ತಾರ ಬರೆದ ಪುಸ್ತಕದಲ್ಲಿ ಹಾಡು ಹೇಗಿರುತ್ತದೋ ಹಾಗೆ: ಯಾವ ಸ್ವರ, ಎಷ್ಟು ಹೊತ್ತು ಎಂಬುದು ಅದರಲ್ಲಿದೆ, ಕಂಠ ಮಾತ್ರ ಹಾಡುವವರದು. ಕೀಬೋರ್ಡಿನ ನಡುವಿನ ಸಿ ಮನೆಯನ್ನು ಒತ್ತಿ ಬಿಟ್ಟಾಗ ತಂತಿಯಲ್ಲಿ ಹೋಗುವುದು ಇಷ್ಟೇ:

```
90 3C 64
80 3C 40
```

ಮೊದಲ ಸಾಲಿನ 90 ಎಂದರೆ ‘ಒಂದನೆಯ ಚಾನೆಲ್‌ನಲ್ಲಿ ಸ್ವರ ಶುರು’. 3C ಎಂದರೆ ಅರವತ್ತನೆಯ ಸಂಖ್ಯೆಯ ಸ್ವರ, ಅಂದರೆ ನಡುವಿನ ಸಿ. 64 ಎಂದರೆ ಒತ್ತಿದ ಬಲ. ನಾವು ಎಣಿಸುವ ಲೆಕ್ಕದಲ್ಲಿ ಅದು ನೂರು, ಗರಿಷ್ಠ 127. ಎರಡನೆಯ ಸಾಲು ಬೆರಳು ಎತ್ತಿದ್ದನ್ನು ತಿಳಿಸುತ್ತದೆ. ಆ ಸ್ವರ ಪಿಯಾನೋ ಆಗಿ ಕೇಳಬೇಕೋ ವೀಣೆಯಾಗಿ ಕೇಳಬೇಕೋ ಎಂಬುದನ್ನು ಆಚೆ ತುದಿಯಲ್ಲಿರುವ ಸಾಫ್ಟ್‌ವೇರ್ ಅಥವಾ ಇನ್ನೊಂದು ಕೀಬೋರ್ಡ್ ನಿರ್ಧರಿಸುತ್ತದೆ. ಕೇಬಲ್ ಹಾಕಿದ ಮೇಲೆ ‘ಲ್ಯಾಪ್‌ಟಾಪಿನಲ್ಲಿ ನನ್ನ ಕೀಬೋರ್ಡಿನ ಟೋನ್ ಬರುತ್ತಿಲ್ಲ’ ಎಂದು ದೂರುವವರು ಬಹಳ. ಅವರ ಕೇಬಲ್ ಸರಿಯಾಗಿಯೇ ಇರುತ್ತದೆ. ಟೋನ್ ಬೇಕಾದರೆ ಕೀಬೋರ್ಡಿನ ಲೈನ್ ಔಟ್ ಅಥವಾ ಹೆಡ್‌ಫೋನ್ ಸಾಕೆಟ್‌ನಿಂದ ಆಡಿಯೊ ಇಂಟರ್‌ಫೇಸಿಗೆ ಬೇರೆ ತಂತಿ ಎಳೆಯಬೇಕು. ಹೊಸ ಕೀಬೋರ್ಡುಗಳಲ್ಲಿ ಕೆಲವು ಒಂದೇ ಯುಎಸ್‌ಬಿ ತಂತಿಯಲ್ಲಿ ಮಿಡಿ ಮತ್ತು ಧ್ವನಿ ಎರಡನ್ನೂ ಕಳಿಸುತ್ತವೆ. ಕೈಪಿಡಿಯಲ್ಲಿ ‘ಯುಎಸ್‌ಬಿ ಆಡಿಯೊ’ ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಅದನ್ನು ನಂಬಬಹುದು.

ಈಗ ಐದು ಪಿನ್ನಿನ ಕಥೆ. 1980ರ ದಶಕದ ಆರಂಭದಲ್ಲಿ ಒಂದು ಕಂಪನಿಯ ಸಿಂಥಸೈಜರ್ ಇನ್ನೊಂದು ಕಂಪನಿಯದರೊಡನೆ ಮಾತನಾಡುತ್ತಿರಲಿಲ್ಲ. ಅಮೆರಿಕದ ಸೀಕ್ವೆನ್ಶಿಯಲ್ ಸರ್ಕ್ಯುಟ್ಸ್ ಕಂಪನಿಯ ಡೇವ್ ಸ್ಮಿತ್ ಮತ್ತು ಜಪಾನಿನ ರೋಲ್ಯಾಂಡ್ ಕಂಪನಿಯ ಇಕುತಾರೊ ಕಾಕೆಹಾಶಿ ಮುಂದೆ ನಿಂತು ಎಲ್ಲರಿಗೂ ಒಪ್ಪಿಗೆಯಾಗುವ ಒಂದು ಭಾಷೆಯನ್ನು ರೂಪಿಸಿದರು. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ವಾದ್ಯಮೇಳದಲ್ಲಿ ಈ ಎರಡು ಕಂಪನಿಗಳ ಕೀಬೋರ್ಡುಗಳನ್ನು ಒಂದಕ್ಕೊಂದು ಜೋಡಿಸಿ ತೋರಿಸಿದರು. ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯಿತು. ಇದಕ್ಕಾಗಿ ಇಬ್ಬರಿಗೂ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಪ್ರಶಸ್ತಿ ಬಂತು.

ಪ್ಲಗ್ಗಿಗೆ ಅವರು ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಜರ್ಮನಿಯ ಮಾನಕ ಸಂಸ್ಥೆ ಡಿನ್ ರೂಪಿಸಿದ್ದ, ಯುರೋಪಿನ ಟೇಪ್ ರೆಕಾರ್ಡರುಗಳಲ್ಲಿ ಆಗಲೇ ಬಳಕೆಯಲ್ಲಿದ್ದ ಅಗ್ಗದ ಪ್ಲಗ್ಗನ್ನೇ ಆರಿಸಿಕೊಂಡರು. ಅದರಲ್ಲಿ ಐದು ಪಿನ್ನುಗಳು ಅರ್ಧವೃತ್ತವಾಗಿ ನಿಂತಿವೆ. ನಟ್ಟನಡುವಿನದು ಎರಡನೆಯ ಪಿನ್, ಅದು ಕೇಬಲ್ಲಿನ ಶೀಲ್ಡಿಗೆ ಸೇರುತ್ತದೆ. ಅದರ ಅಕ್ಕಪಕ್ಕದ ನಾಲ್ಕು ಮತ್ತು ಐದನೆಯ ಪಿನ್ನುಗಳಲ್ಲಿ ಸಂದೇಶ ಹರಿಯುತ್ತದೆ. ಎರಡು ಕೊನೆಯ ಪಿನ್ನುಗಳಿಗೆ ಕೆಲಸವಿಲ್ಲ. ಕೇಬಲ್ ಬಿಚ್ಚಿ ನೋಡಿದಾಗ ಮೂರೇ ತಂತಿ ಕಂಡರೆ ಅದು ಮೋಸದ ಮಾಲೆಂದು ತಿಳಿಯಬೇಕಾಗಿಲ್ಲ.

ಈ ವ್ಯವಸ್ಥೆಯಲ್ಲಿ ನನಗೆ ಬಹಳ ಇಷ್ಟವಾದ ಅಂಶವೊಂದಿದೆ. ಸಂದೇಶ ತಲುಪುವ ಕಡೆ, ಅಂದರೆ ‘ಮಿಡಿ ಇನ್’ ಸಾಕೆಟ್ಟಿನ ಹಿಂದೆ, ಆಪ್ಟೊಕಪ್ಲರ್ ಎಂಬ ಪುಟ್ಟ ಬಿಡಿಭಾಗ ಇರುತ್ತದೆ. ಕಳಿಸುವ ಯಂತ್ರದಿಂದ ಬಂದ ಸುಮಾರು ಐದು ಮಿಲಿಆಂಪಿಯರ್ ಕರೆಂಟು ಅದರೊಳಗಿನ ಚಿಕ್ಕ ದೀಪವನ್ನು ಹೊತ್ತಿಸಿ ಆರಿಸುತ್ತದೆ. ಎದುರಿಗಿರುವ ಬೆಳಕಿನ ಸಂವೇದಕ ಅದನ್ನು ಓದಿಕೊಳ್ಳುತ್ತದೆ. ಸಂದೇಶ ದಾಟುವುದು ಬೆಳಕಾಗಿ. ಎರಡು ಯಂತ್ರಗಳ ನಡುವೆ ನೇರ ವಿದ್ಯುತ್ ಸಂಪರ್ಕವೇ ಇಲ್ಲ. ಶೀಲ್ಡನ್ನೂ ಕಳಿಸುವ ಕಡೆ ಮಾತ್ರ ಗ್ರೌಂಡಿಗೆ ಸೇರಿಸುತ್ತಾರೆ. ಇದರಿಂದ ವೇದಿಕೆಯ ಮೇಲೆ ಆಗುವ ಉಪಕಾರವನ್ನು ಮುಂದೆ ಹೇಳುತ್ತೇನೆ.

ಡಿನ್ ಕೇಬಲ್ಲಿನಲ್ಲಿ ಸಂದೇಶ ಒಂದೇ ದಿಕ್ಕಿಗೆ ಹೋಗುತ್ತದೆ: ಒಂದರ ‘ಔಟ್’ನಿಂದ ಇನ್ನೊಂದರ ‘ಇನ್’ಗೆ. ಹೋಗಿ ಬರುವುದು ಎರಡೂ ಬೇಕಿದ್ದರೆ ಎರಡು ಕೇಬಲ್ ಬೇಕು. ‘ಥ್ರೂ’ ಎಂಬ ಮೂರನೆಯ ಸಾಕೆಟ್ ಇದ್ದರೆ ಅದು ‘ಇನ್’ಗೆ ಬಂದುದನ್ನೇ ಮುಂದಿನ ಯಂತ್ರಕ್ಕೆ ದಾಟಿಸುತ್ತದೆ, ಆ ಕೀಬೋರ್ಡಿನಲ್ಲಿ ನಾವು ನುಡಿಸಿದ್ದನ್ನು ಕಳಿಸುವುದಿಲ್ಲ. ‘ಔಟ್’ ಎಂದುಕೊಂಡು ‘ಥ್ರೂ’ಗೆ ಚುಚ್ಚಿದವರಿಗೆ ಏನೂ ಕೇಳಿಸದಿರುವುದು ಇದರಿಂದಲೇ. ಹೀಗೆ ಅದಲುಬದಲಾಗಿ ಚುಚ್ಚಿದರೂ ಯಂತ್ರ ಸುಡುವುದಿಲ್ಲ, ತೆಗೆದು ಸರಿಯಾಗಿ ಹಾಕಿದರೆ ಆಯಿತು. ಕೇಬಲ್ 15 ಮೀಟರ್‌ವರೆಗೆ ಉದ್ದವಿರಬಹುದು ಎನ್ನುತ್ತದೆ ಮಾನಕ. ವೇದಿಕೆಯ ಈ ಬದಿಯಿಂದ ಆ ಬದಿಗೆ ಎಳೆಯಲು ಅಷ್ಟು ಸಾಕು.

ಯುಎಸ್‌ಬಿ ಬೇರೆಯೇ ಸ್ವಭಾವದ್ದು. 1996ರಲ್ಲಿ ಬಂದ ಈ ಮಾನಕ ಕಂಪ್ಯೂಟರಿಗೆ ಬೇರೆ ಸಾಧನಗಳನ್ನು ಜೋಡಿಸಲೆಂದು ಹುಟ್ಟಿದ್ದು. ಅದರಲ್ಲಿ ಒಬ್ಬ ಯಜಮಾನ ಇರಲೇಬೇಕು, ಅವನಿಗೆ ಹೋಸ್ಟ್ ಎಂದು ಹೆಸರು. ಉಳಿದವು ಡಿವೈಸ್‌ಗಳು. ಡಿವೈಸ್ ತಾನಾಗಿ ಮಾತನಾಡುವಂತಿಲ್ಲ. ಹೋಸ್ಟ್ ಮತ್ತೆ ಮತ್ತೆ ‘ಏನಾದರೂ ಇದೆಯೇ?’ ಎಂದು ವಿಚಾರಿಸುತ್ತದೆ, ಡಿವೈಸ್ ಆಗ ಉತ್ತರಿಸುತ್ತದೆ. ಈ ಹಾದಿಯಲ್ಲಿ ಮಿಡಿ ಹೇಗೆ ಸಾಗಬೇಕೆಂಬ ನಿಯಮ 1999ರಲ್ಲಿ ಬಂತು. ಅದನ್ನು ಪಾಲಿಸುವ ಕೀಬೋರ್ಡನ್ನು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಡ್ರೈವರ್ ಹಾಕದೆಯೇ ಗುರುತಿಸುತ್ತವೆ. ಅದಕ್ಕೂ ಮೊದಲು ಪಿಸಿಗೆ ಮಿಡಿ ಜೋಡಿಸಬೇಕಾದರೆ ಸೌಂಡ್ ಕಾರ್ಡಿನ ಜಾಯ್‌ಸ್ಟಿಕ್ ಪೋರ್ಟಿಗೆ ಹಾಕುವ ವಿಶೇಷ ಕೇಬಲ್ ಬೇಕಿತ್ತು. ಅಂಥ ಕೇಬಲ್ ಹಳೆಯ ಸಾಮಾನಿನಲ್ಲಿ ಸಿಕ್ಕಿದರೂ ಇಂದಿನ ಲ್ಯಾಪ್‌ಟಾಪಿಗೆ ಉಪಯೋಗವಿಲ್ಲ.

ಯಜಮಾನ ಯಾರೆಂದು ಸಾಕೆಟ್ಟಿನ ಆಕಾರವೇ ಹೇಳುತ್ತದೆ. ಲ್ಯಾಪ್‌ಟಾಪಿನಲ್ಲಿರುವ, ಪೆನ್ ಡ್ರೈವ್ ಚುಚ್ಚುವ ಚಪ್ಪಟೆ ಸಾಕೆಟ್ ಟೈಪ್ ಎ; ಅದು ಹೋಸ್ಟ್ ಕಡೆಯದು. ಮೇಲಿನ ಎರಡು ಮೂಲೆ ಕತ್ತರಿಸಿದ ಚೌಕ ಸಾಕೆಟ್ ಟೈಪ್ ಬಿ. ಅದು ಡಿವೈಸ್ ಕಡೆಯದು. ಕೀಬೋರ್ಡಿನ ಬೆನ್ನಿನಲ್ಲಿ ಒಮ್ಮೊಮ್ಮೆ ಎರಡೂ ಇರುತ್ತವೆ. ಯಮಾಹಾದಲ್ಲಿ ಚೌಕದ್ದರ ಮೇಲೆ ‘ಯುಎಸ್‌ಬಿ ಟು ಹೋಸ್ಟ್’ ಎಂದೂ ಚಪ್ಪಟೆಯದರ ಮೇಲೆ ‘ಯುಎಸ್‌ಬಿ ಟು ಡಿವೈಸ್’ ಎಂದೂ ಬರೆದಿರುತ್ತದೆ. ರೋಲ್ಯಾಂಡಿನಲ್ಲಿ ‘ಯುಎಸ್‌ಬಿ ಕಂಪ್ಯೂಟರ್’ ಮತ್ತು ‘ಯುಎಸ್‌ಬಿ ಮೆಮೊರಿ’ ಎಂಬ ಹೆಸರುಗಳು ಕಾಣುತ್ತವೆ. ಕಂಪ್ಯೂಟರಿಗೆ ಜೋಡಿಸಬೇಕಾದದ್ದು ಪ್ರತಿ ಜೋಡಿಯಲ್ಲೂ ಮೊದಲನೆಯದು. ಚಪ್ಪಟೆಯದು ಪೆನ್ ಡ್ರೈವಿಗೆ. ಎರಡೂ ತುದಿ ಚಪ್ಪಟೆಯಿರುವ ಕೇಬಲ್ ತಂದು ಅದನ್ನು ಲ್ಯಾಪ್‌ಟಾಪಿಗೆ ಸೇರಿಸಲು ಹೋಗಬಾರದು: ಇಬ್ಬರು ಯಜಮಾನರನ್ನು ನೇರವಾಗಿ ಕಟ್ಟಿದಂತಾಗುತ್ತದೆ, ಸಂದೇಶವೂ ಹೋಗುವುದಿಲ್ಲ, ಎರಡೂ ಕಡೆಯ ಐದು ವೋಲ್ಟ್ ಒಂದಕ್ಕೊಂದು ತಗುಲಿ ಸಾಕೆಟ್ ಹಾಳಾಗುವ ಸಾಧ್ಯತೆಯೂ ಇದೆ.

ಇಷ್ಟು ತಿಳಿದ ಮೇಲೆ ಬಹುಪಾಲು ಜನರ ಪ್ರಶ್ನೆಗೆ ಉತ್ತರ ಸುಲಭ. ಕೀಬೋರ್ಡಿನಲ್ಲಿ ಚೌಕ ಸಾಕೆಟ್ ಇದ್ದರೆ ಬೇಕಾದದ್ದು ಪ್ರಿಂಟರ್ ಕೇಬಲ್. ಅಂಗಡಿಯಲ್ಲಿ ಆ ಹೆಸರಿನಲ್ಲೇ ಕೇಳಿ, ಯಾವ ಮೊಬೈಲ್ ಅಂಗಡಿಯಲ್ಲೂ ಸಿಗುತ್ತದೆ. ಅದೇ ತಂತಿಯನ್ನು ‘ಮಿಡಿ ಕೇಬಲ್’ ಎಂಬ ಹೆಸರಿನಲ್ಲಿ ಹೆಚ್ಚಿನ ಬೆಲೆಗೆ ಕೊಳ್ಳುವ ಅಗತ್ಯವಿಲ್ಲ. ಉದ್ದ ಎರಡು ಮೂರು ಮೀಟರ್ ಇದ್ದರೆ ಸಾಕು, ಐದು ಮೀಟರ್ ದಾಟಬಾರದು. ಲ್ಯಾಪ್‌ಟಾಪಿನಲ್ಲಿ ಟೈಪ್ ಸಿ ಮಾತ್ರ ಇದ್ದರೆ ಒಂದು ತುದಿ ಸಿ, ಇನ್ನೊಂದು ತುದಿ ಬಿ ಇರುವ ಕೇಬಲ್ಲೇ ಸಿಗುತ್ತದೆ. ಹೊಸ ಸಣ್ಣ ಕೀಬೋರ್ಡುಗಳಲ್ಲಿ ಚೌಕದ ಬದಲು ಮೈಕ್ರೋ ಅಥವಾ ಸಿ ಸಾಕೆಟ್ ಇರುತ್ತದೆ. ಅಲ್ಲಿ ಬೇಕಾದದ್ದು ಮೊಬೈಲಿನ ಡೇಟಾ ಕೇಬಲ್.

ಡೇಟಾ ಎಂಬ ಮಾತಿಗೆ ಒತ್ತು ಕೊಟ್ಟು ಹೇಳುತ್ತೇನೆ. ಅಗ್ಗದ ಚಾರ್ಜರುಗಳ ಜೊತೆ ಬರುವ ಕೆಲವು ಕೇಬಲ್‌ಗಳಲ್ಲಿ ಕರೆಂಟಿನ ತಂತಿ ಮಾತ್ರ ಇರುತ್ತದೆ, ಸಂದೇಶದ ತಂತಿಗಳೇ ಇರುವುದಿಲ್ಲ. ಅದನ್ನು ಹಾಕಿದಾಗ ಕೀಬೋರ್ಡಿನ ದೀಪವೇನೋ ಹೊತ್ತಬಹುದು, ಆದರೆ ಕಂಪ್ಯೂಟರಿನಲ್ಲಿ ಅದರ ಸುಳಿವೇ ಇರುವುದಿಲ್ಲ. ಪರೀಕ್ಷೆ ಸುಲಭ: ಅದೇ ಕೇಬಲ್ಲಿನಿಂದ ಮೊಬೈಲನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಫೋಟೊ ವರ್ಗಾಯಿಸಿ ನೋಡಿ. ಆಗದಿದ್ದರೆ ಕೇಬಲ್ ಬದಲಿಸಿ. ಕೇಬಲ್ ಸರಿಯಿದ್ದೂ ಕೀಬೋರ್ಡ್ ಕಾಣಿಸದಿದ್ದರೆ ತಯಾರಕರ ಡ್ರೈವರ್ ಬೇಕಾಗಿರಬಹುದು. ರೋಲ್ಯಾಂಡಿನ ಹಲವು ಕೀಬೋರ್ಡುಗಳ ಸಿಸ್ಟಂ ಮೆನುವಿನಲ್ಲಿ ಯುಎಸ್‌ಬಿ ಡ್ರೈವರ್ ಯಾವುದೆಂದು ಆರಿಸುವ ಜಾಗವಿದೆ: ತಯಾರಕರದು ಅಥವಾ ಸಾಮಾನ್ಯ. ‘ಸಾಮಾನ್ಯ’ಕ್ಕೆ ಬದಲಿಸಿ, ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಡ್ರೈವರ್ ಇಲ್ಲದೆಯೇ ಕಂಪ್ಯೂಟರು ಗುರುತಿಸುತ್ತದೆ.

ಕೀಬೋರ್ಡಿನಲ್ಲಿ ದುಂಡು ಸಾಕೆಟ್‌ಗಳು ಮಾತ್ರ ಇದ್ದರೆ ಇನ್ನಷ್ಟು ಎಚ್ಚರ ಬೇಕು. ಉದಾಹರಣೆಗೆ ಯಮಾಹಾ ಡಿಎಕ್ಸ್7 ತೆಗೆದುಕೊಳ್ಳೋಣ. 1983ರಲ್ಲೇ ಬಂದ ಈ ಸಿಂಥಿನ ಬೆನ್ನಿನಲ್ಲಿ ಇನ್, ಔಟ್, ಥ್ರೂ ಮೂರೂ ಇವೆ. ಯುಎಸ್‌ಬಿ ಎಂಬುದು ಆಗ ಹುಟ್ಟಿರಲೂ ಇಲ್ಲ. ಇದನ್ನು ಇಂದಿನ ಲ್ಯಾಪ್‌ಟಾಪಿಗೆ ಜೋಡಿಸಲು ಬರೀ ತಂತಿ ಸಾಲದು. ಡಿನ್ ಕಡೆಯ ಕರೆಂಟಿನ ಮಿಡಿತವನ್ನು ಯುಎಸ್‌ಬಿ ಪ್ಯಾಕೆಟ್ಟಾಗಿ ಬದಲಿಸುವ ಸರ್ಕ್ಯೂಟ್ ನಡುವೆ ಇರಬೇಕು. ಅದೇ ಮಿಡಿ ಇಂಟರ್‌ಫೇಸ್. ಆ ಪುಟ್ಟ ಪ್ಲಾಸ್ಟಿಕ್ ಡಬ್ಬಿ ಇರುವುದು ಇದಕ್ಕೆ. ಡಬ್ಬಿಯಿಲ್ಲದ ಕೇಬಲ್ ತೋರಿಸಿ ‘ಇದೂ ಆಗುತ್ತೆ ಸರ್’ ಎಂದು ಯಾರಾದರೂ ಹೇಳಿದರೆ ಒಳಗೆ ಸರ್ಕ್ಯೂಟ್ ಎಲ್ಲಿದೆ ಎಂದು ಕೇಳಿ. ದೊಡ್ಡ ಆಡಿಯೊ ಇಂಟರ್‌ಫೇಸುಗಳಲ್ಲಿ ಕೆಲವಕ್ಕೆ ಮಿಡಿ ಸಾಕೆಟ್‌ಗಳೂ ಇರುತ್ತವೆ. ಹಾಡು ರೆಕಾರ್ಡ್ ಮಾಡಲು ಅಂಥದ್ದು ಈಗಾಗಲೇ ಮನೆಯಲ್ಲಿದ್ದರೆ ಎರಡು ಸಾದಾ ಡಿನ್ ಕೇಬಲ್ ಕೊಂಡರೆ ಸಾಕು.

ಜೋಡಿಸುವಾಗ ಮೊದಲು ಎಡವುವುದು ‘ಇನ್’, ‘ಔಟ್’ ಎಂಬ ಹೆಸರಿನಲ್ಲಿ. ಇಂಟರ್‌ಫೇಸಿನ ಒಂದು ಪ್ಲಗ್ಗಿನ ಮೇಲೆ ‘ಇನ್’ ಎಂದಿರುತ್ತದೆ, ಕೀಬೋರ್ಡಿನಲ್ಲೂ ‘ಇನ್’ ಎಂದಿದೆ, ಅದಕ್ಕೆ ಇದನ್ನು ಚುಚ್ಚುವುದು ಸಹಜ. ಆದರೆ ಪ್ಲಗ್ಗಿನ ಮೇಲಿನ ‘ಇನ್’ ಎಂದರೆ ಕಂಪ್ಯೂಟರಿನ ಒಳಕ್ಕೆ ಹೋಗುವುದು. ಅದು ಡಿಎಕ್ಸ್7ರ ‘ಔಟ್’ಗೆ ಸೇರಬೇಕು. ಪ್ಲಗ್ಗಿನ ‘ಔಟ್’ ಸಿಂಥಿನ ‘ಇನ್’ಗೆ. ಕೆಲವು ತಯಾರಕರು ಪ್ಲಗ್ಗಿನ ಮೇಲೆ ‘ಇದನ್ನು ಮಿಡಿ ಔಟ್‌ಗೆ ಜೋಡಿಸಿ’ ಎಂದೇ ಬರೆದು ಈ ಗೊಂದಲ ತಪ್ಪಿಸಿದ್ದಾರೆ. ಎಲ್ಲರೂ ಹಾಗೆ ಮಾಡಬೇಕಿತ್ತು. ಯಾವುದೆಂದು ಖಚಿತವಾಗದಿದ್ದರೆ ಒಂದು ಸಲ ಅದಲುಬದಲು ಮಾಡಿ ನೋಡಿ.

ಸಂದೇಶ ಬರುತ್ತಿದೆಯೇ ಎಂದು ನೋಡಲು ಹಾಡಿನ ಸಾಫ್ಟ್‌ವೇರ್ ತೆರೆಯುವ ಮೊದಲೇ ಒಂದು ಪರೀಕ್ಷೆ ಮಾಡುವುದು ಒಳ್ಳೆಯದು. ವಿಂಡೋಸ್‌ನಲ್ಲಿ MIDI-OX ಎಂಬ ಉಚಿತ ತಂತ್ರಾಂಶವಿದೆ. ಕೀಲಿ ಒತ್ತಿದ ಕೂಡಲೇ ಮೇಲೆ ತೋರಿಸಿದಂಥ ಸಂಖ್ಯೆಗಳು ತೆರೆಯ ಮೇಲೆ ಸಾಲಾಗಿ ಬರುತ್ತವೆ. ಮ್ಯಾಕ್‌ನಲ್ಲಿ Audio MIDI Setup ತೆರೆದರೆ ಇಂಟರ್‌ಫೇಸ್ ಕಾಣಿಸುತ್ತದೆಯೇ ಎಂದು ತಿಳಿಯುತ್ತದೆ. ಸಂಖ್ಯೆ ಬರುತ್ತಿದ್ದೂ ಹಾಡಿನ ಸಾಫ್ಟ್‌ವೇರಿನಲ್ಲಿ ಸದ್ದಿಲ್ಲವೆಂದರೆ ತೊಂದರೆ ಸಾಫ್ಟ್‌ವೇರಿನ ಸೆಟ್ಟಿಂಗಿನಲ್ಲಿದೆ, ಹೊಸ ಕೇಬಲ್ ಕೊಳ್ಳುವುದರಿಂದ ಅದು ಸರಿಹೋಗುವುದಿಲ್ಲ. ಸಂಖ್ಯೆಯೇ ಬರದಿದ್ದರೆ ಕೇಬಲ್ಲಿನ ಕಡೆ ನೋಡಬೇಕು.

ಬಿಡಿ ಸ್ವರಗಳು ಸರಿಯಾಗಿ ಬಂದವು ಎಂದರೆ ಇಂಟರ್‌ಫೇಸ್ ಒಳ್ಳೆಯದು ಎಂದು ಹೇಳಲಾಗದು. ಅಗ್ಗದ ಡಬ್ಬಿ ಕೇಬಲ್‌ಗಳ ನಿಜಬಣ್ಣ ತಿಳಿಯುವುದು ಉದ್ದನೆಯ ಸಂದೇಶ ಕಳಿಸಿದಾಗ. ಡಿಎಕ್ಸ್7 ತನ್ನ ಮೂವತ್ತೆರಡು ಟೋನುಗಳನ್ನು ಒಟ್ಟಿಗೆ ಕಂಪ್ಯೂಟರಿಗೆ ಕಳಿಸಬಲ್ಲದು. ಫಂಕ್ಷನ್ ಗುಂಡಿ ಒತ್ತಿ, ನಂತರ ಎಂಟನೆಯ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತ ಹೋದರೆ ಪರದೆಯಲ್ಲಿ SYS INFO ಎಂಬ ಸಾಲು ಬರುತ್ತದೆ. ಅದನ್ನು AVAIL ಮಾಡಿ, ಇನ್ನೊಮ್ಮೆ ಒತ್ತಿದರೆ MIDI TRANSMIT ? ಎಂದು ಕೇಳುತ್ತದೆ, ಹೌದು ಎಂದರೆ ಟೋನುಗಳು ಹೊರಡುತ್ತವೆ. ಇದೊಂದು ಸಂದೇಶದ ಗಾತ್ರ 4,104 ಬೈಟು. ಡಿನ್ ಮಿಡಿಯ ವೇಗ ಸೆಕೆಂಡಿಗೆ 31,250 ಬಿಟ್. ಒಂದೊಂದು ಬೈಟಿಗೂ ಆರಂಭ ಮತ್ತು ಕೊನೆಯ ಗುರುತು ಸೇರಿ ಹತ್ತು ಬಿಟ್ ಬೇಕು. ಅಂದರೆ ಒಂದು ಬೈಟಿಗೆ ಸೆಕೆಂಡಿನ ಹತ್ತು ಲಕ್ಷದಲ್ಲಿ 320 ಭಾಗ, ಇಡೀ ಸಂದೇಶಕ್ಕೆ 1.3 ಸೆಕೆಂಡು. ಆ ಅವಧಿಯಲ್ಲಿ ಇಂಟರ್‌ಫೇಸ್ ಒಂದು ಬೈಟನ್ನೂ ಕೈಬಿಡುವಂತಿಲ್ಲ. MIDI-OX ನಲ್ಲಿ ಇದನ್ನು ಹಿಡಿದು ಗಾತ್ರ ನೋಡಿ. 4,104 ಬಂದರೆ ಸರಿ. ಕಡಿಮೆ ಬಂದರೆ, ಅಥವಾ ಸಂದೇಶದ ಕೊನೆಯ ಗುರುತಾದ F7 ಕಾಣದಿದ್ದರೆ, ಇಂಟರ್‌ಫೇಸ್ ನುಂಗಿದೆ. ಅಂಥದ್ದನ್ನು ನಂಬಿ ಟೋನುಗಳ ಬ್ಯಾಕಪ್ ಇಟ್ಟುಕೊಂಡರೆ ಮುಂದೊಂದು ದಿನ ಹಳೆಯ ಬ್ಯಾಟರಿ ಸತ್ತು ಸಿಂಥಿನ ನೆನಪು ಅಳಿಸಿದಾಗ ಆ ಫೈಲ್ ಕೆಲಸಕ್ಕೆ ಬರುವುದಿಲ್ಲ.

ಬೇರೆ ಕೀಬೋರ್ಡ್ ಇರುವವರಿಗೆ ಅಗ್ಗದ ಇಂಟರ್‌ಫೇಸಿನ ದೋಷ ಇನ್ನೊಂದು ರೀತಿಯಲ್ಲಿ ಕಾಣುತ್ತದೆ. ಎರಡೂ ಕೈಯಿಂದ ವೇಗವಾಗಿ ನುಡಿಸುವಾಗ, ಪಿಚ್ ಬೆಂಡ್ ತಿರುಗಿಸುವಾಗ, ಒಂದು ಸ್ವರ ನಿಲ್ಲದೆ ಹಾಗೇ ಉಳಿದುಬಿಡುತ್ತದೆ. ಬೆರಳು ಎತ್ತಿದ ಸಂದೇಶ ದಾರಿಯಲ್ಲಿ ಕಳೆದುಹೋಗಿದೆ ಎಂದರ್ಥ. ಕೆಲವು ಅಗ್ಗದ ಡಬ್ಬಿಗಳಲ್ಲಿ ಆಪ್ಟೊಕಪ್ಲರನ್ನೇ ಬಿಟ್ಟು ಒಂದೆರಡು ರೆಸಿಸ್ಟರಿನಲ್ಲಿ ಕೆಲಸ ಮುಗಿಸಿರುತ್ತಾರೆ. ಮಿಡಿಯ ಮಾನಕ ಕೊಟ್ಟ ರಕ್ಷಣೆ ಅಲ್ಲಿಗೆ ಹೋಯಿತು. ಹೊಸ ಕೀಬೋರ್ಡಿಗೆ ಪ್ರಿಂಟರ್ ಕೇಬಲ್ ಕೊಳ್ಳುವಾಗ ಅಗ್ಗದ್ದನ್ನು ಕೊಳ್ಳಿ ಎಂದು ಧೈರ್ಯವಾಗಿ ಹೇಳುತ್ತೇನೆ, ಅದು ಬರೀ ತಂತಿ. ಇಂಟರ್‌ಫೇಸಿನ ವಿಷಯದಲ್ಲಿ ಹಾಗೆ ಹೇಳಲಾರೆ. ಅದೊಂದು ಯಂತ್ರ, ಅಲ್ಲಿ ಹೆಸರುಳ್ಳ ತಯಾರಕರದನ್ನೇ ಕೊಳ್ಳಬೇಕು.

ಇನ್ನು ಕಂಪ್ಯೂಟರೇ ಇಲ್ಲದೆ ಎರಡು ಕೀಬೋರ್ಡುಗಳನ್ನು ಜೋಡಿಸುವ ಸಂಗತಿ. ರಸಮಂಜರಿ ಕಾರ್ಯಕ್ರಮಗಳಲ್ಲಿ ಒಂದರ ಮೇಲೊಂದು ಎರಡು ಕೀಬೋರ್ಡ್ ಇಟ್ಟು ನುಡಿಸುವವರಿಗೆ ಮೇಲಿನದರಿಂದ ಕೆಳಗಿನದರ ಟೋನನ್ನೂ ನುಡಿಸುವ ಆಸೆ ಇರುತ್ತದೆ. ಎರಡರಲ್ಲೂ ಚೌಕ ಯುಎಸ್‌ಬಿ ಸಾಕೆಟ್ ಇದೆ, ಹಾಗಾದರೆ ಎರಡೂ ತುದಿ ಚೌಕ ಇರುವ ಕೇಬಲ್ ಸಿಕ್ಕೀತೇ ಎಂದು ಹುಡುಕುತ್ತಾರೆ. ಸಿಕ್ಕಿದರೂ ಪ್ರಯೋಜನವಿಲ್ಲ. ಎರಡೂ ಡಿವೈಸ್‌ಗಳು, ‘ಏನಾದರೂ ಇದೆಯೇ?’ ಎಂದು ವಿಚಾರಿಸುವ ಯಜಮಾನನೇ ಅಲ್ಲಿಲ್ಲ. ಇಲ್ಲಿ ಐದು ಪಿನ್ನಿನ ಕೇಬಲ್ಲಿಗೆ ಇಂದಿಗೂ ಸಾಟಿಯಿಲ್ಲ. ಮೇಲಿನದರ ‘ಔಟ್’ನಿಂದ ಕೆಳಗಿನದರ ‘ಇನ್’ಗೆ ಒಂದು ಕೇಬಲ್, ಎರಡರಲ್ಲೂ ಒಂದೇ ಚಾನೆಲ್ ಸಂಖ್ಯೆ, ಅಷ್ಟೇ. ನಲವತ್ತು ವರ್ಷ ಹಳೆಯ ಸಿಂಥ್ ನಿನ್ನೆ ಕೊಂಡ ಕೀಬೋರ್ಡನ್ನು ಹೀಗೆ ನುಡಿಸುತ್ತದೆ. ಎರಡರಲ್ಲಿ ಒಂದಕ್ಕೆ ಡಿನ್ ಇಲ್ಲದಿದ್ದರೆ ಯಜಮಾನನ ಪಾತ್ರ ವಹಿಸುವ ಯುಎಸ್‌ಬಿ ಮಿಡಿ ಹೋಸ್ಟ್ ಎಂಬ ಪೆಟ್ಟಿಗೆಯನ್ನು ನಡುವೆ ಇಡಬೇಕು. ಅಗ್ಗದ ಡಬ್ಬಿ ಕೇಬಲ್ ಆ ಕೆಲಸ ಮಾಡುವುದಿಲ್ಲ, ಏಕೆಂದರೆ ಅದೂ ಕಂಪ್ಯೂಟರಿನ ಮುಂದೆ ಒಂದು ಡಿವೈಸ್ ಮಾತ್ರ. ಹಳೆಯ ಮನೆಗಳಲ್ಲಿ ಸಿಗುವ ಟೇಪ್ ರೆಕಾರ್ಡರಿನ ಡಿನ್ ಕೇಬಲ್ ನೋಡಲು ಹಾಗೇ ಇದ್ದರೂ ಒಳಗಿನ ತಂತಿಗಳ ಜೋಡಣೆ ಬೇರೆ ಇರಬಹುದು. ಮಿಡಿಗೆಂದು ಮಾಡಿದ್ದನ್ನೇ ಕೊಳ್ಳುವುದು ಲೇಸು.

ಯುಎಸ್‌ಬಿ ವೇಗದ್ದು, ಡಿನ್ ನಿಧಾನ, ಆದ್ದರಿಂದ ಯುಎಸ್‌ಬಿ ಹಾಕಿದರೆ ‘ಡಿಲೇ’ ಹೋಗುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಲೆಕ್ಕ ಮಾಡಿ ನೋಡೋಣ. ಯುಎಸ್‌ಬಿಯ ಹಳೆಯ ಫುಲ್ ಸ್ಪೀಡ್ ಕೂಡ ಸೆಕೆಂಡಿಗೆ 1.2 ಕೋಟಿ ಬಿಟ್ ಸಾಗಿಸುತ್ತದೆ, ಡಿನ್‌ಗಿಂತ 384 ಪಟ್ಟು. ನಿಜ. ಆದರೆ ಡಿನ್‌ನಲ್ಲಿ ಒಂದು ಸ್ವರದ ಮೂರು ಬೈಟು ಹೋಗಲು ಬೇಕಾದದ್ದು ಒಂದು ಮಿಲಿಸೆಕೆಂಡಿಗಿಂತ ಸ್ವಲ್ಪ ಕಡಿಮೆ. ಹತ್ತೂ ಬೆರಳಿನಿಂದ ಒಮ್ಮೆಗೇ ಒತ್ತಿದರೆ ಕೊನೆಯ ಸ್ವರ ತಲುಪಲು ಹತ್ತು ಮಿಲಿಸೆಕೆಂಡು. ಈಗ ಸಾಫ್ಟ್‌ವೇರ್ ಕಡೆ ನೋಡಿ. ಅದು ಧ್ವನಿಯನ್ನು ಚಿಕ್ಕ ಚಿಕ್ಕ ಕಂತುಗಳಲ್ಲಿ ತಯಾರಿಸಿ ಸ್ಪೀಕರಿಗೆ ಕಳಿಸುತ್ತದೆ, ಆ ಕಂತಿಗೆ ಬಫರ್ ಎನ್ನುತ್ತಾರೆ. ಬಫರ್ 1,024 ಸ್ಯಾಂಪಲ್ ಇದ್ದು, ಸೆಕೆಂಡಿಗೆ 44,100 ಸ್ಯಾಂಪಲ್ ದರದಲ್ಲಿ ನಡೆದರೆ ಬರೀ ಅದೊಂದಕ್ಕೇ 23 ಮಿಲಿಸೆಕೆಂಡು ತಡ. 128ಕ್ಕೆ ಇಳಿಸಿದರೆ ಮೂರಕ್ಕಿಂತ ಕಡಿಮೆ. ವಿಂಡೋಸ್‌ನಲ್ಲಿ ಸಾಮಾನ್ಯ ಸೌಂಡ್ ಡ್ರೈವರ್ ಬಿಟ್ಟು ಆಡಿಯೊ ಇಂಟರ್‌ಫೇಸಿನ ಎಎಸ್‌ಐಒ ಡ್ರೈವರ್ ಆರಿಸಿದಾಗ ಆಗುವ ವ್ಯತ್ಯಾಸವನ್ನು ಯಾವ ಮಿಡಿ ಕೇಬಲ್ಲೂ ಕೊಡಲಾರದು. ಒತ್ತಿದ ಮೇಲೆ ತಡವಾಗಿ ಸದ್ದು ಬಂದರೆ ಮೊದಲು ಬಫರ್ ಇಳಿಸಿ. ಚಟಪಟ ಸದ್ದು ಬಂದರೆ ಒಂದು ಮೆಟ್ಟಿಲು ಏರಿಸಿ.

ಒಂದು ಕೀಲಿಗೆ ಎರಡೆರಡು ಸಲ ಸದ್ದು ಬರುತ್ತಿದ್ದರೆ ಅದೂ ಕೇಬಲ್ಲಿನ ದೋಷವಲ್ಲ. ಕೀಬೋರ್ಡ್ ತಾನೂ ನುಡಿಯುತ್ತದೆ, ಸಾಫ್ಟ್‌ವೇರ್ ಅದೇ ಸಂದೇಶವನ್ನು ಹಿಂದಕ್ಕೆ ಕಳಿಸಿ ಮತ್ತೊಮ್ಮೆ ನುಡಿಸುತ್ತದೆ. ಕೀಬೋರ್ಡಿನ ಮೆನುವಿನಲ್ಲಿ ‘ಲೋಕಲ್’ ಎಂಬುದನ್ನು ಆಫ್ ಮಾಡಿ. ಕಾರ್ಯಕ್ರಮಕ್ಕೆ ಹೋಗುವ ಮೊದಲು ಅದನ್ನು ಮತ್ತೆ ಆನ್ ಮಾಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ವೇದಿಕೆಯಲ್ಲಿ ಕೀಬೋರ್ಡ್ ಮೂಕವಾಗಿರುತ್ತದೆ.

ಬೆಳಕಿನ ಮೂಲಕ ಸಂದೇಶ ದಾಟಿಸುವ ಆಪ್ಟೊಕಪ್ಲರಿನ ಉಪಕಾರವನ್ನು ಹೇಳುತ್ತೇನೆಂದಿದ್ದೆ. ಲ್ಯಾಪ್‌ಟಾಪಿನ ಚಾರ್ಜರ್ ಹಾಕಿದೆ, ಯುಎಸ್‌ಬಿಯಿಂದ ಕೀಬೋರ್ಡಿಗೆ ಜೋಡಿಸಿದೆ, ಕೀಬೋರ್ಡಿನ ಧ್ವನಿ ಮಿಕ್ಸರಿಗೆ ಹೋಗುತ್ತಿದೆ. ಆಗ ಸ್ಪೀಕರಿನಲ್ಲಿ ‘ಗುಂಯ್’ ಎಂಬ ಹಮ್, ಅಥವಾ ಮೌಸ್ ಅಲುಗಾಡಿಸಿದಾಗಲೆಲ್ಲ ಕಿರಿಕಿರಿ ಸದ್ದು ಬರುವುದುಂಟು. ಯುಎಸ್‌ಬಿ ಕೇಬಲ್ ಎರಡು ಯಂತ್ರಗಳ ಗ್ರೌಂಡನ್ನು ನೇರವಾಗಿ ಕಟ್ಟುತ್ತದೆ. ಮಿಕ್ಸರಿನ ಕಡೆಯಿಂದಲೂ ಅದೇ ಗ್ರೌಂಡ್ ಬಂದು ಸೇರಿ ಒಂದು ಸುತ್ತು ಪೂರ್ತಿಯಾಗುತ್ತದೆ. ಖಚಿತಪಡಿಸಿಕೊಳ್ಳಲು ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿ ನೋಡಿ. ಸದ್ದು ನಿಂತರೆ ಕಾರಣ ಇದೇ. ಕೀಬೋರ್ಡಿಗೆ ಡಿನ್ ಸಾಕೆಟ್ ಕೂಡ ಇದ್ದರೆ ಒಳ್ಳೆಯ ಇಂಟರ್‌ಫೇಸಿನ ಮೂಲಕ ಅದಕ್ಕೆ ಬದಲಿಸಿ. ಲ್ಯಾಪ್‌ಟಾಪಿಗೂ ಕೀಬೋರ್ಡಿಗೂ ನಡುವಿನ ಆ ಕೊಂಡಿ ಕಳಚುತ್ತದೆ. ಡಿನ್ ಇಲ್ಲದಿದ್ದರೆ ಕೀಬೋರ್ಡ್ ಮತ್ತು ಮಿಕ್ಸರಿನ ನಡುವೆ ಗ್ರೌಂಡ್ ಲಿಫ್ಟ್ ಇರುವ ಡಿಐ ಬಾಕ್ಸ್ ಹಾಕಿ. ಪ್ಲಗ್ಗಿನ ಅರ್ಥಿಂಗ್ ಪಿನ್ ಮುರಿದು ಹಮ್ ನಿಲ್ಲಿಸುವ ಅಭ್ಯಾಸ ಕೆಲವು ಕಡೆ ಇದೆ. ದಯವಿಟ್ಟು ಬೇಡ. ಒದ್ದೆ ಮೈದಾನದಲ್ಲಿ, ಜನರೇಟರ್ ಕರೆಂಟಿನಲ್ಲಿ ನಡೆಯುವ ಕಾರ್ಯಕ್ರಮದಲ್ಲಿ ಕಲಾವಿದರ ಪ್ರಾಣ ಕಾಯುವುದು ಆ ಪಿನ್ನು.

ಹೊಸ ಕೀಬೋರ್ಡ್ ಕೊಳ್ಳುವವರಿಗೆ ನನ್ನ ಸಲಹೆ ಸ್ಪಷ್ಟ. ಮನೆಯಲ್ಲಿ ಲ್ಯಾಪ್‌ಟಾಪಿನ ಜೊತೆ ಮಾತ್ರ ಬಳಸುವುದಾದರೆ ಯುಎಸ್‌ಬಿ ಒಂದಿದ್ದರೆ ಸಾಕು, ಡಿನ್ ಇಲ್ಲವೆಂದು ಚಿಂತಿಸಬೇಡಿ. ವೇದಿಕೆಯಲ್ಲಿ ನುಡಿಸುವವರು, ಎರಡನೆಯ ಕೀಬೋರ್ಡ್ ಸೇರಿಸುವ ಯೋಚನೆ ಇರುವವರು ಎರಡೂ ಬಗೆಯ ಸಾಕೆಟ್ ಇರುವುದನ್ನೇ ಆರಿಸಿ, ಸ್ವಲ್ಪ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ. ಈಗಾಗಲೇ ಕೀಬೋರ್ಡ್ ಇರುವವರು ಕೇಬಲ್ ತರಲು ಹೊರಡುವ ಮೊದಲು ಎರಡು ಫೋಟೊ ತೆಗೆದುಕೊಳ್ಳಿ, ಕೀಬೋರ್ಡಿನ ಬೆನ್ನಿನದೊಂದು, ಲ್ಯಾಪ್‌ಟಾಪಿನ ಪಕ್ಕದ್ದೊಂದು. ಅಂಗಡಿಯಲ್ಲಿ ‘ಮಿಡಿ ಕೇಬಲ್’ ಎಂದು ಕೇಳುವ ಬದಲು ಆ ಎರಡು ಫೋಟೊ ತೋರಿಸಿ.